ಸಂಜೆ ದೀಪದ ಹೊತ್ತಿಗೆ ಸಾವಿನ ನೆನಪು: ನನಗೆ ಕೈಹಿಡಿದ ಕ್ರಮ

ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಸಾವಿನ ಮಾತು ಎತ್ತಬಾರದು. ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಅಸ್ತು ಅಂದುಬಿಡುತ್ತಾರೆ ಅಂತ. ನಾನು ಮರಣಸ್ಮೃತಿಗೆ, ಅಂದರೆ ನನ್ನ ಸಾವನ್ನೇ ನೆನೆಯುವ ಬೌದ್ಧ ಧ್ಯಾನಕ್ಕೆ, ಜಗಲಿಯಲ್ಲಿ ಕೂತ ಮೊದಲ ಸಂಜೆ ಏನು ಮಾಡ್ತಿದ್ದೀರಿ ಅಂತ ಹೆಂಡತಿ ಕೇಳಿದಳು. ಹೇಳಿದೆ. "ಬಿಡ್ತು ಅನ್ನಿ" ಅಂತ ಒಳಗೆ ಹೋದಳು. ಧ್ಯಾನಕ್ಕೆ ಕೂರುವ ಗೆಳೆಯರೂ ಇದು ಸಂಸಾರಸ್ಥರಿಗೆ ಆಗಿಬರಲ್ಲ, ಮನೆ ಹಾಳಾಗುತ್ತೆ ಅಂದರು. ಈಗ ಎರಡೂವರೆ ವರ್ಷ ಆಯ್ತು. ಅಷ್ಟರಲ್ಲಿ ಸಂಜೆ ತಪ್ಪಿದ್ದು ಹತ್ತು ಹನ್ನೆರಡು ಸಲ ಇರಬಹುದು. ಹಾಗೆ ಅಂದವರಲ್ಲೇ ಇಬ್ಬರು ಈಗ ನನ್ನ ಕ್ರಮದಲ್ಲಿ ಕೂರುತ್ತಿದ್ದಾರೆ.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. ನಾನು ಶುರು ಮಾಡಿದ್ದು ಹೆಣದ ಧ್ಯಾನದಿಂದ. ಬುದ್ಧನ ಸತಿಪಟ್ಠಾನ ಸೂತ್ರದಲ್ಲಿ ಅದಕ್ಕೆ ಒಂಬತ್ತು ಹಂತ ಬರುತ್ತೆ, ಊದಿಕೊಂಡ ಹೆಣದಿಂದ ಪುಡಿಯಾದ ಮೂಳೆಯವರೆಗೆ. ಎರಡು ತಿಂಗಳು ಮಾಡಿದೆ. ಊಟ ಸೇರದಾಯಿತು. ಅಡಿಕೆ ತೋಟಕ್ಕೆ ಹೋಗುವ ಮನಸ್ಸೇ ಹೋಯಿತು. ಆ ವರ್ಷ ಮಳೆಗಾಲದ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಸಲೇ ಇಲ್ಲ. ಕೊಳೆ ರೋಗ ಬಂದು ಕಾಯೆಲ್ಲ ಉದುರಿತು. 60–70 ಸಾವಿರ ಹೋಯಿತು ಅಂತ ಲೆಕ್ಕ. ವೈರಾಗ್ಯ ಬಂತು ಅಂತ ಒಳಗೊಳಗೇ ಖುಷಿಪಟ್ಟಿದ್ದೆ. ಅದು ವೈರಾಗ್ಯ ಅಲ್ಲ, ಬರೀ ಜಿಗುಪ್ಸೆ. ವ್ಯತ್ಯಾಸ ಕಂಡುಹಿಡಿಯೋದು ಸುಲಭ. ಸರಿಯಾಗಿ ನಡೆದಿದ್ದರೆ ಎದ್ದಮೇಲೆ ಒಂದು ಕೆಲಸ ಮಾಡಬೇಕು ಅನ್ನಿಸುತ್ತೆ. ತಪ್ಪಿದ್ದರೆ ಮಲಗಬೇಕು ಅನ್ನಿಸುತ್ತೆ. ಬುದ್ಧನ ಕಾಲದಲ್ಲೇ ವೈಶಾಲಿಯಲ್ಲಿ ಕೆಲವು ಭಿಕ್ಷುಗಳು ಇಂಥದ್ದೇ ಅಶುಭ ಧ್ಯಾನದಿಂದ ದೇಹದ ಮೇಲೆ ಹೇಸಿಗೆ ಹುಟ್ಟಿ ಜೀವವನ್ನೇ ಕಳೆದುಕೊಂಡರು. ಆಮೇಲೆ ಬುದ್ಧ ಉಳಿದವರಿಗೆ ಉಸಿರಿನ ಧ್ಯಾನ ಹೇಳಿಕೊಟ್ಟ. ಆದ್ದರಿಂದ ಈಗಾಗಲೇ ಮನಸ್ಸು ಕುಗ್ಗಿರುವವರು, ಬದುಕು ಬೇಡ ಅನ್ನಿಸುತ್ತಿರುವವರು ಈ ದಾರಿಗೆ ಬರಲೇಬೇಡಿ. ಡಾಕ್ಟರ ಹತ್ತಿರ ಹೋಗಿ, ಮನೆಯವರ ಹತ್ತಿರ ಮಾತಾಡಿ.

ಆಮೇಲೆ ಅಮ್ಮನ ಸಾವನ್ನು ನೆನೆಯೋಕೆ ಹೋದೆ. ಮೂರು ದಿನ ಸುಮ್ನೆ ಅತ್ತೆ, ಅಷ್ಟೇ. ಧ್ಯಾನದ ಹಳೆಯ ಗ್ರಂಥ ವಿಸುದ್ಧಿಮಗ್ಗದಲ್ಲಿ ಬುದ್ಧಘೋಷ ಇದನ್ನು ಬಿಡಿಸಿ ಹೇಳಿದ್ದಾನೆ. ಬೇಕಾದವರ ಸಾವು ನೆನೆದರೆ ದುಃಖ, ಆಗದವರದ್ದು ನೆನೆದರೆ ಖುಷಿ. ಸಂಬಂಧ ಇಲ್ಲದವರದ್ದಾದರೆ ಹೆಣ ಸುಡುವವನಿಗೆ ಹೆಣ ಕಂಡ ಹಾಗೆ, ಏನೂ ಆಗಲ್ಲ. ಓದಿದ್ದೆ. ಓದಿಯೂ ಮಾಡಿದೆ.

ಕೊನೆಗೆ ಕೈಹಿಡಿದದ್ದು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದ ಆರನೇ ಭಾಗದಲ್ಲಿರುವ ಮರಣಸ್ಮೃತಿಯ ಎರಡನೇ ಸೂತ್ರ. ನಾದಿಕ ಎಂಬ ಊರಿನ ಇಟ್ಟಿಗೆ ಮನೆಯಲ್ಲಿ ಬುದ್ಧ ಹೇಳಿದ್ದು. ಹಗಲು ಕಳೆದು ರಾತ್ರಿ ಕಾಲಿಡುವಾಗ ಭಿಕ್ಷು ಹೀಗೆ ಯೋಚಿಸಬೇಕು: ನಾನು ಸಾಯೋಕೆ ಕಾರಣ ಬಹಳ ಇವೆ. ಹಾವು ಕಚ್ಚಬಹುದು, ಚೇಳು, ಜರಿ ಕಚ್ಚಬಹುದು. ಎಡವಿ ಬೀಳಬಹುದು. ಉಂಡದ್ದು ಅರಗದೆ ಇರಬಹುದು. ಓದುವಾಗ ನಮ್ಮ ತೋಟವನ್ನೇ ನೋಡಿ ಬರೆದಂತೆ ಅನ್ನಿಸಿತು. ನಾನು ಅದಕ್ಕೆ ನಮ್ಮ ಕಡೆಯದನ್ನೂ ಸೇರಿಸಿದೆ. ಮಂಗನ ಕಾಯಿಲೆಯ ಉಣುಗು, ಮಳೆಯಲ್ಲಿ ಘಾಟಿ ಇಳಿಯುವ ಬೈಕು, ಹಳ್ಳ ದಾಟುವ ಅಡಿಕೆ ಮರದ ಸಂಕ. ಪೂರ್ತಿ ಪಟ್ಟಿ ಹೇಳಿದರೆ ಮಗ್ಗಿ ಒಪ್ಪಿಸಿದ ಹಾಗಾಗುತ್ತೆ. ಆ ದಿನ ನನಗೆ ನಿಜವಾಗಿ ಹತ್ತಿರ ಬಂದಿದ್ದ ಮೂರನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಎಲ್ಲ ಸೇರಿ ಹನ್ನೆರಡು ನಿಮಿಷ ಇರಬಹುದು. ಎಚ್ಚರ ಸಡಿಲವಾಗದಂತೆ ಕೊನೆಯ ಮೂರು ಉಸಿರಿನಲ್ಲಿ ಇನ್ನೊಂದು ಕ್ರಮ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಎದುರು ಕೂತೇ ಹೇಳಿಕೊಡುವಂಥದ್ದು.

ಇಷ್ಟು ಸಿಕ್ಕ ಮೇಲೂ ಆರು ತಿಂಗಳು ದಾರಿ ತಪ್ಪಿದ್ದೆ. ಸೂತ್ರದಲ್ಲಿ ಮುಂದೆ ಒಂದು ಪ್ರಶ್ನೆ ಬರುತ್ತೆ. ಈ ರಾತ್ರಿ ಸತ್ತರೆ ನನಗೆ ಅಡ್ಡಿಯಾಗುವಂಥ, ಇನ್ನೂ ಬಿಡದ ಕೆಟ್ಟದ್ದು ನನ್ನಲ್ಲಿ ಏನಿದೆ? ನಾನು ಅದನ್ನು ಮುಗಿಯದ ಕೆಲಸ ಏನಿದೆ ಅಂತ ತಿಳಿದುಕೊಂಡೆ. ವಿಲ್ ಬರೆದಿಲ್ಲ, ಮಗಳ ಫೀಸಿಗೆ ಕೂಡಿಟ್ಟಿಲ್ಲ, ಸಂಘದ ಸಾಲ ತೀರಿಲ್ಲ. ದಿನಾ ಸಂಜೆ ಚಿಂತೆ ಬೆಳೆಯಿತು. ಆ ಭಯದಲ್ಲೇ ಎರಡು ವಿಮಾ ಪಾಲಿಸಿ ಮಾಡಿಸಿದೆ, ವರ್ಷಕ್ಕೆ 40 ಸಾವಿರದ ಹತ್ತಿರ ಕಂತು. ಒಂದನ್ನು ಆಮೇಲೆ ನಷ್ಟಕ್ಕೆ ಬಿಟ್ಟೆ. ಕೆಲಸ ಯಾರಿಗೂ ಮುಗಿಯಲ್ಲ, ನಾನು ಹೋದರೆ ಇನ್ನೊಬ್ಬರು ಮಾಡುತ್ತಾರೆ. ಸೂತ್ರ ಕೇಳುವುದು ಮನಸ್ಸಿನಲ್ಲಿ ಉಳಿದಿರುವುದನ್ನು. ಅದನ್ನು ನನ್ನ ಬದಲು ಬೇರೆ ಯಾರೂ ಬಿಡಲಾರರು. ಅಲ್ಲಿ ಪ್ರಶ್ನೆ ತಿರುಗಿಸಿದ ಮೇಲೆ ಎಲ್ಲ ಬದಲಾಯಿತು.

ಜುಲೈನ ಒಂದು ಮಧ್ಯಾಹ್ನ ಸಂಕದ ಮೇಲೆ ಕಾಲು ಜಾರಿತು. ಪಾಚಿ ಕಟ್ಟಿದ ಮರ, ಕೆಳಗೆ ಕೆಂಪು ನೀರು ಮೊರೆಯುತ್ತಿತ್ತು. ಹಿಡಿಗೆ ಕಟ್ಟಿದ್ದ ಬಿದಿರು ಕೈಗೆ ಸಿಕ್ಕಿತು. ಬಿದಿರಿನ ಸಿಬರು ಅಂಗೈಗೆ ಹೊಕ್ಕಿತ್ತು. ಸಂಜೆ ಕೂತಾಗ ಅಂಗೈ ಇನ್ನೂ ಉರಿಯುತ್ತಿತ್ತು. ಪ್ರಶ್ನೆ ಕೇಳಿಕೊಂಡೆ. ಬಂದದ್ದು ಪಕ್ಕದ ತೋಟದ ಅಣ್ಣಯ್ಯನ ಮುಖ.

ಅಣ್ಣಯ್ಯನಿಗೂ ನನಗೂ ಬೇಲಿ ವ್ಯಾಜ್ಯ. ಮೂರು ಗುಂಟೆ ಜಾಗ, ನಲವತ್ತು ಚಿಲ್ಲರೆ ಅಡಿಕೆ ಮರ, ಹನ್ನೊಂದು ವರ್ಷದ ಕೇಸು. ವಕೀಲರಿಗೇ ಒಂದೂವರೆ ಲಕ್ಷ ಕೊಟ್ಟಿದ್ದೆ. ಡೈರಿಯಲ್ಲಿ ಗುರುತು ಹಾಕುತ್ತಾ ಬಂದೆ. ಆ ತಿಂಗಳಲ್ಲಿ ಸುಮಾರು ಹತ್ತೊಂಬತ್ತು ಸಂಜೆ ಅದೇ ಹಗೆ ಬಂತು. ಉಟ್ಟ ಬಟ್ಟೆಗೋ ತಲೆಗೋ ಬೆಂಕಿ ಹತ್ತಿದವನು ಅದನ್ನು ಆರಿಸುವ ಹಾಗೆ ಪ್ರಯತ್ನ ಮಾಡಬೇಕು ಅನ್ನುತ್ತೆ ಸೂತ್ರ. ನಾನು ಒಮ್ಮೆಲೇ ಕೇಸು ಬಿಡಲಿಲ್ಲ. ಮೊದಲು ದಾರಿಯಲ್ಲಿ ಸಿಕ್ಕಾಗ ಮುಖ ತಿರುಗಿಸುವುದನ್ನು ಬಿಟ್ಟೆ. ಆಮೇಲೆ ಮಗಳ ಕೈಲಿ ಅವರ ಮನೆಗೆ ಕಳಲೆ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಕೇಸು ವಾಪಸ್ ತೆಗೆದುಕೊಂಡೆ. ಆ ಮರಗಳಿಂದ ವರ್ಷಕ್ಕೆ 30 ಸಾವಿರ ಬರುತ್ತಿತ್ತೇನೋ, ಅದು ಈಗ ಅಣ್ಣಯ್ಯನದ್ದು. ಅವನು ಒಂದು ದಿನ ಅಂಗಳಕ್ಕೆ ಬಂದು, "ಕೇಸು ತೆಗೆದ್ಯಂತೆ?" ಅಂದ. ಹೌದು ಅಂದೆ. "ಬೋರ್ಡೋ ಹೊಡೆಯೋಕೆ ನಿನ್ನ ಕೊನೆಗಾರ ಯಾವಾಗ ಬರ್ತಾನೆ? ಆಮೇಲೆ ನಮ್ಮಲ್ಲಿಗೂ ಕಳ್ಸು" ಅಂದ. ಅಷ್ಟೇ ಮಾತು. ಆ ರಾತ್ರಿ ನಾನು ಎಷ್ಟೋ ವರ್ಷದ ಮೇಲೆ ಗಡದ್ದಾಗಿ ನಿದ್ದೆ ಮಾಡಿದೆ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋಗಿ ಬಂದ ಮೇಲೆ ಟಿಬೆಟ್‌ನ ಹಳೆಯ ಸಾಧಕರ ಹಾಗೆ ಮಲಗುವಾಗ ಲೋಟ ಬೋರಲು ಹಾಕಿ ನೋಡಿದೆ, ನಾಳೆ ಬೇಕಾಗದೆ ಇರಬಹುದು ಅಂತ. ವಾರದಲ್ಲಿ ಅದು ಬರೀ ಪಾತ್ರೆ ಇಡುವ ಅಭ್ಯಾಸವಾಯಿತು. ಮರಣಸ್ಮೃತಿಯ ಮೊದಲ ಸೂತ್ರದಲ್ಲಿರುವ ತುತ್ತಿನ ಕ್ರಮ, ಅಂದರೆ ಈ ಒಂದು ತುತ್ತು ಅಗಿದು ನುಂಗುವವರೆಗೆ ಬದುಕಿದ್ದರೆ ಸಾಕು ಅನ್ನುವುದು, ಒಬ್ಬನೇ ಉಣ್ಣುವಾಗ ಚೆನ್ನಾಗಿ ಹಿಡಿಯುತ್ತೆ. ನಾಲ್ಕು ಜನರ ಪಂಕ್ತಿಯಲ್ಲಿ ನನಗೆ ಆಗಲಿಲ್ಲ.

ಒಂದು ವಿಷಯ ಜಾಸ್ತಿ ಜನ ಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಹುಡುಕಿದಾಗ ಅಂಥದ್ದೇನೂ ಕಾಣದಿದ್ದರೆ ಸಂತೋಷದಿಂದ ಇರಬೇಕು ಅಂತಲೂ ಸೂತ್ರ ಹೇಳುತ್ತೆ. ಬೇಕಂತಲೇ ತಪ್ಪು ಕೆದಕಬಾರದು. ನನಗೆ ಅಂಥ ಸಂಜೆ ಏಳೋ ಎಂಟೋ ಸಿಕ್ಕಿವೆ. ಆಗ ಏಳದೆ ಕತ್ತಲಾಗುವವರೆಗೆ ಜಗಲಿಯಲ್ಲೇ ಕೂತಿರುತ್ತೇನೆ. ಹೆಂಡತಿ ಈಗ ಏನೂ ಅನ್ನುವುದಿಲ್ಲ, ದೀಪ ಹಚ್ಚಿ ಪಕ್ಕದಲ್ಲೇ ಇಟ್ಟು ಹೋಗುತ್ತಾಳೆ.

ಈ ತಿಂಗಳು ಬರುತ್ತಿರುವುದು ಅಡಿಕೆ ದರದ ಆಸೆ. ಇನ್ನೂ ಏರಲಿ ಅಂತ ನಾಲ್ಕು ಕ್ವಿಂಟಾಲ್ ಹಿಡಿದಿಟ್ಟಿದ್ದೇನೆ. ಹನ್ನೊಂದು ಸಂಜೆ ಬಂತು. ಸೋಮವಾರ ಅರ್ಧ ಮಂಡಿಗೆ ಹಾಕುತ್ತಿದ್ದೇನೆ.