ಮೀಟರ್ 12 ವೋಲ್ಟ್ ತೋರಿಸಿದರೂ ಅಡಾಪ್ಟರ್‌ಗೆ ವಯಸ್ಸಾಗಿತ್ತು

ಕಳೆದ ಬೇಸಿಗೆಯಲ್ಲಿ ಬೆಟಗೇರಿಯ ಅಕ್ಕಾರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ರೂಟರ್ ಮತ್ತು ಅದರ ಅಡಾಪ್ಟರ್ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ಗದಗಿನಲ್ಲಿ ರಿಪೇರಿ ಟೇಬಲ್ ಇಟ್ಟುಕೊಂಡು ಕೂತಿರುವ ನನಗೆ ರೂಟರ್ ದೂರು ಹೊಸದಲ್ಲ. ಆದರೆ ಅವರು ಹೇಳಿದ ಲಕ್ಷಣ ಬೇರೆ ಥರ ಇತ್ತು.

“ಕರೆಂಟ್ ಹೋಗಿ ಇನ್ವರ್ಟರ್ ಚಾಲೂ ಆತಂದ್ರ ಸಾಕ್ರೀ ಅಣ್ಣಾರ, ರೂಟರ್ ಆರಿ ಮತ್ತ ಹತ್ತತೈತ್ರಿ. ಎರಡ್ ಮಿನಿಟ್ ನೆಟ್ ಇರಂಗಿಲ್ಲ. ಹ್ವಾದ ವರ್ಷ ಹಿಂಗ್ ಆಗತಿದ್ದಿಲ್ರಿ. ಇನ್ವರ್ಟರ್ ಮಂದಿ ಬಂದ್ ನೋಡಿ, ನಮ್ದೇನೂ ತಪ್ಪಿಲ್ಲ ಅಂದ್ರು.”

“ಸಂಜೀಮುಂದ ಕರೆಂಟ್ ಹೋಗದಿದ್ರೂ ಆರತೈತೇನ್ರಿ ಅಕ್ಕಾರ?” ಎಂದು ಕೇಳಿದೆ.

“ಹೂಂನ್ರೀ, ಲೈಟ್ ಮಂದ ಆದಾಗ ಒಮ್ಮೊಮ್ಮೆ ಆರತೈತಿ.”

ಈ ಎರಡು ಮಾತು ಕೇಳಿದಾಗಲೇ ನನ್ನ ಅನುಮಾನ ರೂಟರ್ ಬಿಟ್ಟು ಅಡಾಪ್ಟರ್ ಕಡೆ ಹೋಯಿತು. ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದು ಬರೆದಿತ್ತು. ಆರು ವರ್ಷದ್ದು, ಒಂದು ದಿನವೂ ಪ್ಲಗ್‌ನಿಂದ ಕಿತ್ತಿಲ್ಲ ಎಂದರು. ಇಟ್ಟಿದ್ದ ಜಾಗ ತಗಡಿನ ಮಾಡಿನ ಕೋಣೆ, ಟಿವಿ ಹಿಂದಿನ ಸಂದು.

ಮೊದಲು ಎಲ್ಲರೂ ಮಾಡುವ ಪರೀಕ್ಷೆ ಮಾಡಿದೆ. ಏನೂ ಜೋಡಿಸದೆ ಪಿನ್ನಿಗೆ ಮಲ್ಟಿಮೀಟರ್ ಹಿಡಿದರೆ 12.2 ವೋಲ್ಟ್. ಇಷ್ಟು ನೋಡಿ “ಚಲೋ ಐತಿ” ಎಂದು ವಾಪಸ್ ಕಳಿಸುವವರೇ ಹೆಚ್ಚು. ಖಾಲಿ ಅಡಾಪ್ಟರ್ ಏನೂ ದುಡಿಯುವುದಿಲ್ಲ, ಆದ್ದರಿಂದ ಆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ನನ್ನ ಬಳಿ 33 ಓಮ್, 10 ವ್ಯಾಟಿನ ಎರಡು ಸಿಮೆಂಟ್ ರೆಸಿಸ್ಟರ್ ಸಮಾನಾಂತರವಾಗಿ ಕಟ್ಟಿಟ್ಟಿದ್ದೇನೆ. ಎರಡೂ ಸೇರಿ 16.5 ಓಮ್, ಅಂದರೆ 12 ವೋಲ್ಟಿಗೆ ಮುಕ್ಕಾಲು ಆಂಪಿಯರಿನ ಹತ್ತಿರ ಭಾರ. ಅದನ್ನು ಜೋಡಿಸಿ ಹತ್ತು ನಿಮಿಷ ಬಿಟ್ಟೆ. ರೆಸಿಸ್ಟರ್ ಕೈ ಸುಡುವಷ್ಟು ಬಿಸಿಯಾದರೂ ಮೀಟರ್ 11.9ರಲ್ಲೇ ನಿಂತಿತ್ತು. ಭಾರದ ಪರೀಕ್ಷೆಯಲ್ಲೂ ಅಡಾಪ್ಟರ್ ಪಾಸಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಆ ಅಕ್ಕಾರು ಹೊಸ ರೂಟರ್ ಕೊಂಡುಕೊಳ್ಳುತ್ತಿದ್ದರು, ದೂರು ಹಾಗೇ ಉಳಿಯುತ್ತಿತ್ತು.

ಅಡಾಪ್ಟರ್ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಡಯೋಡುಗಳನ್ನು ದಾಟಿ ಡಿಸಿ ಆದಾಗ ಅದರ ತುದಿ ಸುಮಾರು 325 ವೋಲ್ಟ್. ಆದರೆ ಎಸಿ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಇಳಿಯುತ್ತದೆ. ಆ ತಗ್ಗಿನಲ್ಲಿ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಹಳೇ ಮೆಕ್ಯಾನಿಕ್‌ಗಳು ಅದನ್ನು ಮೇನ್ ಕಂಡೆನ್ಸರ್ ಎನ್ನುತ್ತಾರೆ. ಅದು ತುದಿಯಲ್ಲಿ ತುಂಬಿಕೊಂಡು ತಗ್ಗಿನಲ್ಲಿ ಕೊಡುತ್ತದೆ, ಮನೆ ಮೇಲಿನ ನೀರಿನ ಟಾಕಿ ಇದ್ದ ಹಾಗೆ. ನಳ ಬರುವುದು ನಿಂತರೂ ಟಾಕಿಯಲ್ಲಿದ್ದಷ್ಟು ಹೊತ್ತು ಮನೆಗೆ ನೀರುಂಟು. ಕರೆಂಟ್ ಹೋಗಿ ಇನ್ವರ್ಟರ್ ಕೈಗೆತ್ತಿಕೊಳ್ಳುವ ಆ ಸಣ್ಣ ಗ್ಯಾಪಿನಲ್ಲೂ ರೂಟರನ್ನು ಬದುಕಿಸುವುದು ಇದೇ ಟಾಕಿ.

ಈ ಟಾಕಿ ವರ್ಷ ಕಳೆದಂತೆ ಕುಗ್ಗುತ್ತದೆ. ಕೆಪಾಸಿಟರ್ ಒಳಗೆ ಅಲ್ಯೂಮಿನಿಯಂ ಹಾಳೆ ಮತ್ತು ದ್ರವದಲ್ಲಿ ನೆನೆಸಿದ ಕಾಗದವನ್ನು ಒಟ್ಟಿಗೆ ಸುರುಳಿ ಸುತ್ತಿ, ಚಿಕ್ಕ ಡಬ್ಬಿಗೆ ತುರುಕಿ, ಕೆಳಗೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಹಾಳೆಯ ಮೇಲಿನ ತೆಳು ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆಯುವ ಗೋಡೆ. ಆ ಗೋಡೆಯ ಒಂದು ಕಡೆ ಲೋಹ, ಇನ್ನೊಂದು ಕಡೆ ನಿಜವಾದ ಎದುರು ಫಲಕವಾಗಿ ಕೆಲಸ ಮಾಡುವುದು ದ್ರವ. ದ್ರವದ ಆವಿ ಬಿರಡೆಯ ಮೂಲಕ ಬಹಳ ನಿಧಾನವಾಗಿ ಹೊರಗೆ ಹೋಗುತ್ತಿರುತ್ತದೆ. ಒದ್ದೆ ಅರಿವೆ ಒಣಗಿದಂತೆ ಕಾಗದ ಅಲ್ಲಲ್ಲಿ ಒಣಗುತ್ತದೆ. ಒಣಗಿದ ಕಡೆ ಫಲಕವೇ ಇಲ್ಲದಂತಾಗಿ ಸಾಮರ್ಥ್ಯ ಇಳಿಯುತ್ತದೆ. ಉಳಿದ ದ್ರವದಲ್ಲಿ ವಿದ್ಯುತ್ತು ಹರಿಯುವ ದಾರಿ ಕಿರಿದಾಗಿ ಒಳಗಿನ ರೋಧವೂ ಏರುತ್ತದೆ. ರೋಧ ಏರಿದರೆ ಕೆಪಾಸಿಟರ್ ತಾನೇ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಬೇಗ ಒಣಗುತ್ತದೆ. ಅದಕ್ಕೇ ಕೊನೆಯ ಕೆಲವು ತಿಂಗಳಲ್ಲಿ ಇಳಿತ ಜೋರಾಗಿರುತ್ತದೆ.

ಬಿಸಿಯ ಲೆಕ್ಕ ನಾನು ಹೀಗೆ ಹಾಕುತ್ತೇನೆ. ಸಾಧಾರಣ ಕೆಪಾಸಿಟರಿಗೆ 105 ಡಿಗ್ರಿಯಲ್ಲಿ 2000 ಗಂಟೆ ಆಯುಸ್ಸು ಎಂದು ತಯಾರಕರು ಕೊಡುತ್ತಾರೆ. ಪ್ರತಿ 10 ಡಿಗ್ರಿ ಇಳಿದರೆ ಆಯುಸ್ಸು ಹೆಚ್ಚುಕಡಿಮೆ ಎರಡು ಪಟ್ಟು. ಅಡಾಪ್ಟರ್ ಒಳಗೆ 65 ಡಿಗ್ರಿ ಇದ್ದರೆ 32,000 ಗಂಟೆ, ಹಗಲೂ ರಾತ್ರಿ ಉರಿದರೆ ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಅದೇ ಅಡಾಪ್ಟರನ್ನು ಗಾಳಿಯಾಡದ ಸಂದಿಯಲ್ಲಿಟ್ಟು ಒಳಗೆ 75 ಡಿಗ್ರಿ ಆದರೆ ಎರಡು ವರ್ಷವೂ ಇಲ್ಲ. ಆಯುಸ್ಸು ಮುಗಿದ ದಿನ ಅದು ಸಾಯುವುದಿಲ್ಲ, ಬರೆದ ಅಳತೆಯಿಂದ ದೂರ ಸರಿದಿರುತ್ತದೆ ಅಷ್ಟೇ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಕೆಳಗಿನ ಕೋಣೆ ಹೇಗಿರುತ್ತದೆ ಎಂದು ಬಲ್ಲವರಿಗೆ ಆ ಹತ್ತು ಡಿಗ್ರಿ ಎಲ್ಲಿಂದ ಬರುತ್ತದೆ ಎಂದು ಹೇಳಬೇಕಿಲ್ಲ.

ಈಗ ಪರೀಕ್ಷೆಗೆ ಮರಳುತ್ತೇನೆ. ಟಾಕಿ ಎಷ್ಟು ದೊಡ್ಡದಿದೆ ಎಂದು ತಿಳಿಯಲು ನಳ ಬಂದ್ ಮಾಡಿ ನೀರು ಎಷ್ಟು ಹೊತ್ತು ಬರುತ್ತದೆ ಎಂದು ನೋಡಬೇಕು. ದೊಡ್ಡ ಭಾರ ಇದ್ದರೆ ಕಣ್ಣಿಗೆ ಕಾಣದಷ್ಟು ಬೇಗ ಮುಗಿಯುತ್ತದೆ. ಅದಕ್ಕೆ ಬರೀ 330 ಓಮ್, 1 ವ್ಯಾಟಿನ ಒಂದು ರೆಸಿಸ್ಟರ್ ಜೋಡಿಸಿ, ಸ್ವಿಚ್ ಆರಿಸಿ, ಅಡಾಪ್ಟರಿನ ಎಲ್‌ಇಡಿ ನೋಡಿದೆ. ಅದೇ ಮಾದರಿಯ ಹೊಸದರಲ್ಲಿ ದೀಪ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತು ಆರಿತು. ಅಕ್ಕಾರ ಅಡಾಪ್ಟರಿನಲ್ಲಿ ಸ್ವಿಚ್ಚಿನ ಸದ್ದಿನ ಜೊತೆಗೇ ಆರಿತು. ಮೂರು ಸಲ ಮಾಡಿದೆ, ಮೂರೂ ಸಲ ಹಾಗೇ. ಮಲ್ಟಿಮೀಟರಿಗೆ ಸಿಗದ್ದು ಇಲ್ಲಿ ಸಿಕ್ಕಿತು.

ಖಾತ್ರಿಗಾಗಿ ಅವರನ್ನು ಕೇಳಿ ಡಬ್ಬಿ ಒಡೆದೆ. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ನಾನು 10 ಕಿಲೋಓಮಿನ 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ತಂತಿಯಿಂದ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕುತ್ತೇನೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಚಟ ಕೆಲವರಿಗಿದೆ. ಅದರ ಕಿಡಿ ಕಣ್ಣಿಗೆ ಸಿಡಿದದ್ದನ್ನು ನೋಡಿದ್ದೇನೆ.

ಕೆಪಾಸಿಟರಿನ ಮೈಮೇಲೆ 22 ಮೈಕ್ರೋಫ್ಯಾರಡ್, 400 ವೋಲ್ಟ್ ಎಂದಿತ್ತು. ತಲೆ ಸಪಾಟಾಗಿತ್ತು, ಉಬ್ಬಿಲ್ಲ, ಸೋರಿಲ್ಲ. ಮೀಟರಿಗೆ ಹಾಕಿದರೆ 3 ಮೈಕ್ರೋಫ್ಯಾರಡ್. ಉಬ್ಬಿದರೆ ಮಾತ್ರ ಹಾಳು ಎಂದು ನಂಬಿದವರಿಗೆ ಇದನ್ನು ತೋರಿಸಬೇಕು ಅನಿಸಿ ಟೇಬಲ್ ಮೇಲೆ ಇಟ್ಟುಕೊಂಡಿದ್ದೇನೆ. ಒಳಗೆ ಅನಿಲ ಹುಟ್ಟಿ ಒತ್ತಡ ಬಂದರೆ ಉಬ್ಬುತ್ತದೆ, ಸದ್ದಿಲ್ಲದೆ ಒಣಗಿದ್ದು ಉಬ್ಬುವುದಿಲ್ಲ.

22 ಮೈಕ್ರೋಫ್ಯಾರಡ್ 325 ವೋಲ್ಟಿಗೆ ತುಂಬಿದಾಗ ಒಳಗಿರುವ ಶಕ್ತಿ ಸುಮಾರು 1.16 ಜೂಲ್. ರೂಟರ್ ನಡೆಸಲು ಅಡಾಪ್ಟರ್ 6 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 6 ಜೂಲ್. ತಳದಲ್ಲಿ ಬಳಸಲಾಗದೆ ಉಳಿಯುವ ಸ್ವಲ್ಪ ಬಿಟ್ಟರೆ ಹೊಸದು ಸುಮಾರು 180 ಮಿಲಿಸೆಕೆಂಡು ತಾಳುತ್ತದೆ. 3 ಮೈಕ್ರೋಫ್ಯಾರಡ್ ಆದಾಗ ಹೆಚ್ಚೆಂದರೆ 24 ಮಿಲಿಸೆಕೆಂಡು. ತುಂಬಿದ ಕ್ಷಣದಲ್ಲಲ್ಲದೆ ತಗ್ಗಿನಲ್ಲಿದ್ದಾಗ ಕರೆಂಟ್ ಹೋದರೆ ಅದೂ ಇಲ್ಲ. ಇನ್ವರ್ಟರ್ ರಿಲೇ ಬದಲಾಗಲು ಹತ್ತಿಪ್ಪತ್ತು ಮಿಲಿಸೆಕೆಂಡು ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಸಂಜೆ ವೋಲ್ಟೇಜ್ 170ಕ್ಕೆ ಇಳಿದರೆ ತಾಳುವ ಹೊತ್ತು 12 ಮಿಲಿಸೆಕೆಂಡಿಗೆ ಬರುತ್ತದೆ. ಎಸಿಯ ಒಂದು ತಗ್ಗನ್ನು ದಾಟಲಿಕ್ಕೇ ಅದು ಕಷ್ಟಪಡುತ್ತದೆ. ಅಕ್ಕಾರು ಹೇಳಿದ ಎರಡೂ ಮಾತಿಗೆ ಉತ್ತರ ಒಂದೇ ಡಬ್ಬಿಯಲ್ಲಿತ್ತು.

ಎಲ್ಲ ಅಡಾಪ್ಟರಿನಲ್ಲೂ ಇದೇ ಕೆಪಾಸಿಟರ್ ಮೊದಲು ಹೋಗುವುದಿಲ್ಲ. ಒಳಗಿನ ಚಿಪ್ಪಿಗೆ ಊಟ ಹಾಕುವ ಚಿಕ್ಕ ಕೆಪಾಸಿಟರೊಂದು ಇರುತ್ತದೆ. ಅದು ಒಣಗಿದರೆ ಅಡಾಪ್ಟರ್ ನಡೆಯುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಕರೆಂಟ್ ಹೋಗಿ ಬಂದಾಗ ಟಿಕ್ ಟಿಕ್ ಎನ್ನುತ್ತ, ದೀಪ ಮಿಣುಕುತ್ತ ಸುರುವೇ ಆಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಇದು ಹೆಚ್ಚು, ಏಕೆಂದರೆ ತಂಪಿನಲ್ಲಿ ಒಳಗಿನ ರೋಧ ಇನ್ನೂ ಏರುತ್ತದೆ. “ಸ್ವಲ್ಪ ಹೊತ್ತು ಹಚ್ಚಿಟ್ರ ತಾನ ಸುರು ಆಗತೈತಿ” ಎಂದು ಗಿರಾಕಿ ಹೇಳಿದರೆ ನನಗೆ ಅದೇ ನೆನಪಾಗುತ್ತದೆ. ಔಟ್‌ಪುಟ್ ಕಡೆಯ ಕೆಪಾಸಿಟರ್ ಒಣಗಿದರೆ ವೋಲ್ಟೇಜಿನಲ್ಲಿ ತೆರೆಗಳೇಳುತ್ತವೆ: ಸ್ಪೀಕರಿನಲ್ಲಿ ಗುಂಯ್ ಸದ್ದು, ಸಿಸಿಟಿವಿ ಚಿತ್ರದಲ್ಲಿ ಅಡ್ಡ ಪಟ್ಟಿ. ಮೊದಲು ಸರಿಯಿದ್ದ ಚಾರ್ಜರಿಗೆ ಹಚ್ಚಿದಾಗ ಮಾತ್ರ ಮೊಬೈಲ್ ಪರದೆ ತಾನೇ ಎಲ್ಲೆಲ್ಲೋ ಒತ್ತಿಕೊಳ್ಳತೊಡಗಿದರೆ ಅದನ್ನೂ ನಾನು ಅನುಮಾನದ ಪಟ್ಟಿಗೆ ಸೇರಿಸುತ್ತೇನೆ. ಇಂಥ ಲಕ್ಷಣ ಕಂಡಾಗ ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಪಿನ್ನಿನ ಪ್ಲಸ್ ಮೈನಸ್ ಸರಿಹೊಂದುವ ಬೇರೆ ಅಡಾಪ್ಟರ್ ಹಚ್ಚಿ ಒಂದು ವಾರ ನೋಡಿ. ದೂರು ನಿಂತರೆ ಹಳೆಯದು ಮುಗಿದಂತೆ.

ಕೆಲವು ಲಕ್ಷಣಕ್ಕೆ ವಾರ ಕಾಯಬಾರದು. ಮೀನಿನಂಥ ಅಥವಾ ಸುಟ್ಟ ವಾಸನೆ, ಪ್ಲಾಸ್ಟಿಕ್ ಕಂದಾಗಿರುವುದು ಅಥವಾ ಸೊಟ್ಟಗಾಗಿರುವುದು, ಡಬ್ಬಿ ಬಾಯಿ ಬಿಟ್ಟಿರುವುದು, ಇದೇ ಭಾರಕ್ಕೆ ಮೊದಲಿಗಿಂತ ಕೈ ಇಡಲಾಗದಷ್ಟು ಬಿಸಿ. ಇವನ್ನು ನೋಡಿದ ದಿನವೇ ಸ್ವಿಚ್ ಆರಿಸಿ ಕಿತ್ತಿಡಿ.

“ಕಂಡೆನ್ಸರ್ ಒಂದ ಬದಲಿ ಮಾಡಿ ಕೊಡ್ರೆಲಾ” ಎಂದು ಅಕ್ಕಾರು ಕೇಳಿದರು. ಕೆಪಾಸಿಟರಿನ ಬೆಲೆ ಹೆಚ್ಚಲ್ಲ, ಕೆಲಸವೂ ಕಷ್ಟದ್ದಲ್ಲ. ಆದರೂ ಗೋಡೆಗೆ ಚುಚ್ಚುವ ಸೀಲ್ ಮಾಡಿದ ಅಡಾಪ್ಟರನ್ನು ನಾನು ರಿಪೇರಿ ಮಾಡಿ ಕೊಡುವುದಿಲ್ಲ. ಕಾರ್ಖಾನೆಯಲ್ಲಿ ಬೆಸೆದ ಆ ಡಬ್ಬಿ ಒಡೆದ ಮೇಲೆ ಗಮ್ ಹಚ್ಚಿದರೆ, ಟೇಪ್ ಸುತ್ತಿದರೆ ಮೊದಲಿನ ಭದ್ರತೆ ಬರುವುದಿಲ್ಲ. ಮನೆಯಲ್ಲಿ ಮಕ್ಕಳ ಕೈಗೆ ಸಿಗುವ ವಸ್ತು ಅದು, ಒಳಗಿರುವುದು 325 ವೋಲ್ಟ್. ಒಂದು ಕೆಪಾಸಿಟರ್ ಅಷ್ಟು ಒಣಗಿದ್ದರೆ ಪಕ್ಕದವೂ ಅದೇ ಬಿಸಿಯಲ್ಲಿ ಆರು ವರ್ಷ ಬೆಂದಿರುತ್ತವೆ.

ಬಿಐಎಸ್ ಗುರುತು ಮತ್ತು ಅದರ ಕೆಳಗೆ ನೋಂದಣಿ ಸಂಖ್ಯೆ ಇದ್ದ 12 ವೋಲ್ಟ್, 1.5 ಆಂಪಿಯರಿನ ಹೊಸ ಅಡಾಪ್ಟರ್ ಕೊಟ್ಟೆ. ಟಿವಿ ಹಿಂದಿನ ಸಂದಿಯಿಂದ ತೆಗೆದು, ಗಾಳಿ ಆಡುವ ಗೋಡೆಯ ಬೋರ್ಡಿಗೆ ಹಚ್ಚಲು ಹೇಳಿದೆ. ಹತ್ತು ದಿನದ ಮೇಲೆ ಅವರ ಮಗ ಇಯರ್‌ಫೋನ್ ರಿಪೇರಿಗೆ ಬಂದಾಗ ಕೇಳಿದೆ. ನಾಲ್ಕೈದು ಸಲ ಕರೆಂಟ್ ಹೋಗಿತ್ತಂತೆ, ರೂಟರ್ ಒಮ್ಮೆಯೂ ಆರಿಲ್ಲವಂತೆ. ಹಳೆಯದರ ವೈರನ್ನು ಯಾರೂ ಮತ್ತೆ ಹಚ್ಚದಂತೆ ಬುಡಕ್ಕೇ ಕತ್ತರಿಸಿ, ಇ-ತ್ಯಾಜ್ಯದ ಡಬ್ಬಿಗೆ ಹಾಕಿದ್ದೇನೆ.