ಮಣಿ ತುಂಬಿದ ಕೊಳವೆಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆ? ಲೆಕ್ಕ ಹಾಕುವುದು ಹೀಗೆ

ಒಂದು ಮೀಟರ್ ಎತ್ತರದ ಕೊಳವೆ ಇದೆ ಅಂದುಕೊಳ್ಳಿ. ಒಳಗಿನ ಅಗಲ 5 ಸೆಂ.ಮೀ. ತುದಿಯಿಂದ ತುದಿಗೆ 1 ಮಿ.ಮೀ. ಗಾತ್ರದ ಗಾಜಿನ ಮಣಿ ತುಂಬಿದೆ. ಮೇಲಿನಿಂದ 20 ಡಿಗ್ರಿ ಸೆಲ್ಸಿಯಸ್‌ನ ನೀರು ಬಿಡುತ್ತೇವೆ. ಮಣಿಗಳ ಸಂದಿಯಲ್ಲಿ ನುಸುಳಿ ಹೋಗಲು ನೀರು ಎಷ್ಟು ಒತ್ತಡ ಕಳೆದುಕೊಳ್ಳುತ್ತದೆ? ಇದಕ್ಕೆ ಇರುವುದು ಎರ್ಗುನ್ 1952ರಲ್ಲಿ ಕೊಟ್ಟ ಸೂತ್ರ:

```
dP/L = 150*mu*(1-e)^2*U/(e^3*d^2)
     + 1.75*rho*(1-e)*U^2/(e^3*d)
```

ಮೊದಲ ಪದ ನೀರಿನ ಸ್ನಿಗ್ಧತೆಯದು (mu). ಅದು ವೇಗದ ಜೊತೆ ಸಮವಾಗಿ ಏರುತ್ತದೆ. ಎರಡನೆಯದು ಜಡತ್ವದ್ದು. ಸಂದಿಯಿಂದ ಸಂದಿಗೆ ನೀರು ತಿರುಗಿ, ಹಿಗ್ಗಿ, ಕುಗ್ಗಿ ಹೋಗುವಾಗ ಆಗುವ ನಷ್ಟ ಅದು. ಅಲ್ಲಿ ಸಾಂದ್ರತೆ (rho) ಬರುತ್ತದೆ, ವೇಗದ ವರ್ಗ ಬರುತ್ತದೆ. dP ಒತ್ತಡದ ನಷ್ಟ, L ಮಣಿ ತುಂಬಿದ ಎತ್ತರ, d ಮಣಿಯ ಗಾತ್ರ. U ಅಂದರೆ ಕೊಳವೆ ಖಾಲಿ ಇದ್ದಿದ್ದರೆ ಇರುತ್ತಿದ್ದ ವೇಗ. ಸಂದಿಯೊಳಗಿನ ನಿಜವಾದ ವೇಗ ಅದಕ್ಕಿಂತ ಜಾಸ್ತಿ, ಆದರೆ ಅದನ್ನು ಇಲ್ಲಿ ಹಾಕಬಾರದು.

ಮೊದಲು e, ಅಂದರೆ ಖಾಲಿ ಜಾಗದ ಪಾಲು ಹುಡುಕಿ. ಪುಸ್ತಕದಿಂದ ಎತ್ತಿಕೊಳ್ಳಬೇಡಿ, ಮಣಿಗಳನ್ನು ತೂಕ ಹಾಕಿ. ನಮ್ಮ ಕೊಳವೆ ಹಿಡಿಸುವುದು 1963 ಮಿ.ಲೀ. ತುಂಬಿದ ಮಣಿ 2945 ಗ್ರಾಂ. ಒಂದು ಮಿ.ಲೀ. ಗಾಜು 2.5 ಗ್ರಾಂ ತೂಗುವುದಾದರೆ ಗಾಜು ಹಿಡಿದ ಜಾಗ 1178 ಮಿ.ಲೀ. ಉಳಿದದ್ದು 785, ಅಂದರೆ e = 0.40. ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಕೊಳವೆಯನ್ನು ತಟ್ಟಿ ತಟ್ಟಿ ಇದೇ ಪಾಲನ್ನು 0.36ಕ್ಕೆ ಇಳಿಸಿದರೆ ಪ್ರತಿ ಮೀಟರಿನ ಒತ್ತಡದ ನಷ್ಟ ಒಂದೂವರೆ ಪಟ್ಟು ದಾಟುತ್ತದೆ.

ಈಗ ಯಾವ ಪದಕ್ಕೆ ತೂಕ ಜಾಸ್ತಿ ಎಂದು ನೋಡಬೇಕು. ಅದನ್ನು ಹೇಳುವುದು ಈ ರೆನಾಲ್ಡ್ಸ್ ಸಂಖ್ಯೆ:

```
Re = rho*U*d/(mu*(1-e))
```

ಎರಡನೇ ಪದವನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು Re/86. ಹಾಗಾಗಿ Re 86ರ ಹತ್ತಿರ ಇದ್ದರೆ ಎರಡೂ ಸಮ. 10ಕ್ಕಿಂತ ಕೆಳಗಿದ್ದರೆ ಎರಡನೆಯದನ್ನು ಬಿಟ್ಟರೂ ತಪ್ಪು ಶೇ 10ರ ಆಸುಪಾಸಿಗೆ ನಿಲ್ಲುತ್ತದೆ. 1000 ದಾಟಿದರೆ ಮೊದಲನೆಯದರ ಪಾಲು ಶೇ 8 ಮಾತ್ರ. ನಡುವೆ ಇದ್ದರೆ ಎರಡೂ ಬೇಕು.

ನಮ್ಮ ನೀರು ಸೆಕೆಂಡಿಗೆ 1 ಸೆಂ.ಮೀ. ಹೋಗಲಿ, ಅಂದರೆ ನಿಮಿಷಕ್ಕೆ ಸುಮಾರು 1.2 ಲೀಟರ್. Re 16.7 ಬರುತ್ತದೆ. ಮೊದಲ ಪದ 8437 ಪಾಸ್ಕಲ್, ಎರಡನೆಯದು 1641. ಒಟ್ಟು 10,078. ವೇಗವನ್ನು ಹತ್ತನೇ ಒಂದಕ್ಕೆ ಇಳಿಸಿದರೆ 844 ಮತ್ತು 16, ಎರಡನೆಯದನ್ನು ಸುಮ್ನೆ ಮರೆತುಬಿಡಬಹುದು. ಹತ್ತು ಪಟ್ಟು ಏರಿಸಿದರೆ 84,375 ಮತ್ತು 1,64,062. ಈಗ ಜಡತ್ವದ್ದೇ ಮೇಲುಗೈ. ನೀರನ್ನು ಬಿಸಿ ಮಾಡಿ ಒತ್ತಡ ಉಳಿಸೋಣ ಅಂದುಕೊಂಡವರಿಗೆ ಇದು ಮುಖ್ಯ. 40 ಡಿಗ್ರಿಯಲ್ಲಿ ಸ್ನಿಗ್ಧತೆ ಮೂರನೇ ಒಂದರಷ್ಟು ಕಡಿಮೆ ಆಗುತ್ತದೆ. ನಿಧಾನದ ಹರಿವಿನಲ್ಲಿ ನಷ್ಟವೂ ಅಷ್ಟೇ ತಗ್ಗುತ್ತದೆ. ಜೋರು ಹರಿವಿನಲ್ಲಿ ಮೊದಲ ಪದ ಮಾತ್ರ ತಗ್ಗುವುದರಿಂದ ಲಾಭ ಕಡಿಮೆ.

ಅಳೆಯುವಾಗ ಒಂದು ಮೋಜಿನ ಮೋಸ ಕಾದಿರುತ್ತದೆ. ಮೇಲೊಂದು, ಕೆಳಗೊಂದು ಗೇಜ್ ಹಾಕಿದಿರಿ. ಸೆಕೆಂಡಿಗೆ 1 ಸೆಂ.ಮೀ. ವೇಗದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸುತ್ತವೆ, ವ್ಯತ್ಯಾಸ 270 ಪಾಸ್ಕಲ್ ಕೂಡ ಇಲ್ಲ. ಗೇಜ್ ಕೆಟ್ಟಿದೆ ಅನಿಸುತ್ತದೆ, ಅಲ್ವಾ? ಕೆಟ್ಟಿಲ್ಲ. ಒಂದು ಮೀಟರ್ ನೀರಿನ ಭಾರ ಕೆಳಗೆ 9810 ಪಾಸ್ಕಲ್ ಸೇರಿಸಿದೆ, ಮಣಿಗಳು ಸರಿಸುಮಾರು ಅಷ್ಟನ್ನೇ ಕಳೆದಿವೆ. ಮೇಲಿನ ಗೇಜ್‌ನಿಂದ ಕೆಳಗಿನದನ್ನು ಕಳೆದು, ಬಂದದ್ದಕ್ಕೆ ಆ 9810 ಕೂಡಿಸಿದರೆ ನಿಜವಾದ ನಷ್ಟ ಸಿಗುತ್ತದೆ.

ಸರಿ, ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟರೆ? ಆಗ ಸೂತ್ರಕ್ಕೆ ಮಿತಿ ಬರುತ್ತದೆ. ನೀರಿನಲ್ಲಿ ಮುಳುಗಿದ ಮಣಿಗಳ ಭಾರ ಇಲ್ಲಿ 8829 ಪಾಸ್ಕಲ್‌ಗೆ ಸಮ. ನಷ್ಟ ಅಷ್ಟನ್ನು ಮುಟ್ಟುತ್ತಲೇ, ಅಂದರೆ ಸೆಕೆಂಡಿಗೆ ಸುಮಾರು 0.89 ಸೆಂ.ಮೀ. ವೇಗದಲ್ಲಿ, ಮಣಿಗಳು ಎದ್ದು ತೇಲಲು ಶುರು ಮಾಡುತ್ತವೆ. ಮೇಲೆ ಜಾಲರಿ ಹಾಕಿ ಅದುಮಿ ಹಿಡಿಯದಿದ್ದರೆ ಆಮೇಲೆ ಎಷ್ಟು ನೀರು ಬಿಟ್ಟರೂ ನಷ್ಟ ಅಲ್ಲಿಗೇ ನಿಲ್ಲುತ್ತದೆ.

ಇದನ್ನು ಹಿಡಿಯಲು ನಾನು ಮಾಡುವುದು ಒಂದೇ ಕೆಲಸ. ನಾಲ್ಕೈದು ವೇಗದಲ್ಲಿ ಅಳೆದು, ನಷ್ಟವನ್ನು ವೇಗದಿಂದ ಭಾಗಿಸಿ, ಅದನ್ನು ವೇಗದ ಎದುರು ಗ್ರಾಫ್‌ನಲ್ಲಿ ಗುರುತಿಸುವುದು. ಮಣಿಗಳು ಅಲುಗದೆ ಇದ್ದರೆ ನೆಟ್ಟಗಿನ ಗೆರೆ ಬರುತ್ತದೆ. ವೇಗ ಸೊನ್ನೆ ಇರುವಲ್ಲಿ ಗೆರೆಯ ಎತ್ತರ ಸ್ನಿಗ್ಧತೆಯ ಪಾಲು, ಅದರ ಇಳಿಜಾರು ಜಡತ್ವದ ಪಾಲು. ಗೆರೆ ಒಂದು ಹಂತದಿಂದ ಕೆಳಕ್ಕೆ ಬಾಗಿದರೆ ಅಲ್ಲಿ ಮಣಿ ಎದ್ದಿದೆ. ಅದೇ ವೇಗಕ್ಕೆ ಮರುದಿನ ಅಳೆದಾಗ ಇಡೀ ಗೆರೆಯೇ ಮೇಲೆ ಹೋಗಿದ್ದರೆ ಸಂದಿಯಲ್ಲಿ ಕೊಳೆ ಕೂತಿದೆ, ಇಲ್ಲವೇ ಮಣಿಗಳು ಒತ್ತಿಕೊಂಡಿವೆ. ಆಗ ಮಣಿಗಳ ಎತ್ತರ ಕುಗ್ಗಿದೆಯಾ ಎಂದು ಅಳೆದು ನೋಡಿ.