ಕುಕ್ಕರ್ ಇಡದೆ ರಾತ್ರಿಯೂಟ: ಅಡುಗೆಯವರು ಬಾರದ ದಿನಕ್ಕೆ ಐದು ನಿಮಿಷದ ದಾರಿ

ಸಂಜೆ ಏಳೂವರೆಗೆ ‘ಇವತ್ತು ಬರೋಕಾಗಲ್ಲ’ ಎಂದು ಅಡುಗೆಯವರ ಫೋನ್ ಬರುತ್ತದೆ. ಅಥವಾ ದಿನವೂ ಒಲೆ ಮುಂದೆ ನಿಲ್ಲುವ ಅಮ್ಮ ಊರಿಗೆ ಹೋಗಿರುತ್ತಾರೆ. ಉಳಿದವರೆಲ್ಲ ದಣಿದು ಬಂದಿರುತ್ತಾರೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ತಪ್ಪು ಕುಕ್ಕರ್‌ಗೆ ಅಕ್ಕಿ ಹಾಕುವುದು. ಅನ್ನಕ್ಕೆ ಕೂಗು ಬರಬೇಕು, ಆಮೇಲೆ ಆವಿ ಇಳಿಯಬೇಕು. ಎಷ್ಟೇ ಅವಸರ ಮಾಡಿದರೂ ಇಪ್ಪತ್ತೈದು ನಿಮಿಷ ಹೋಗುತ್ತದೆ, ಅದರ ಮೇಲೆ ಸಾರು ಬೇರೆ ಆಗಬೇಕು. ಉಪ್ಪಿಟ್ಟು ಬೇಗ ಆಗುತ್ತದೆ ಅನ್ನಿಸಿದರೂ ರವೆ ಹುರಿಯುವುದು, ನೀರು ಕುದಿಯುವುದು ಸೇರಿದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲ. ಐದು ನಿಮಿಷದ ಊಟ ಬೇಕಿದ್ದರೆ ನೀರು ಕುದಿಸುವ ಕೆಲಸವೇ ಇರಬಾರದು. ಒಲೆ ಒಗ್ಗರಣೆಗೆ ಮಾತ್ರ.

ಆ ಲೆಕ್ಕಕ್ಕೆ ಸರಿಯಾಗಿ ಹೊಂದುವುದು ಅವಲಕ್ಕಿ. ಬತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡಿದ ಪದಾರ್ಥವಾದ್ದರಿಂದ ಅದು ಆಗಲೇ ಬೆಂದಿರುತ್ತದೆ, ನಾವು ಮೆತ್ತಗೆ ಮಾಡಿದರೆ ಸಾಕು. ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ. ತೆಳು ಅಥವಾ ಪೇಪರ್ ಅವಲಕ್ಕಿ ನೀರು ಕಂಡರೆ ಮುದ್ದೆಯಾಗುತ್ತದೆ. ಗಟ್ಟಿ ಅವಲಕ್ಕಿ ಇಡಿಯಾಗಿ ನೆನೆಯಲು ಹತ್ತು ನಿಮಿಷವಾದರೂ ಬೇಕು. ತುರ್ತಿನ ದಿನಕ್ಕೆಂದು ಒಂದೇ ಬಗೆ ಇಟ್ಟುಕೊಳ್ಳುವುದಾದರೆ ಮಧ್ಯಮ ಅವಲಕ್ಕಿ ಇಟ್ಟುಕೊಳ್ಳಿ. ತೊಳೆದರೆ ಬಿಡಿಬಿಡಿಯಾಗಿ ಉಳಿಯುತ್ತದೆ, ಮಿಕ್ಸಿಗೆ ಹಾಕಿದರೆ ತರಿತರಿಯಾಗುತ್ತದೆ.

ನಾಲ್ಕು ಜನರ ಮನೆಯೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಇಬ್ಬರು ದೊಡ್ಡವರು, ಖಾರ ತಿನ್ನದ ಒಂದು ಮಗು, ಹಲ್ಲು ಗಟ್ಟಿಯಿಲ್ಲದ ಒಬ್ಬ ಅಜ್ಜಿ. ಇವರಿಗೆ ಗೊಜ್ಜವಲಕ್ಕಿ ಮತ್ತು ಮೊಸರವಲಕ್ಕಿ, ಎರಡಕ್ಕೂ ಒಂದೇ ಒಗ್ಗರಣೆ. ಅಳತೆಗೆ 200 ಮಿ.ಲೀ. ಹಿಡಿಯುವ ಲೋಟ. ಮಧ್ಯಮ ಅವಲಕ್ಕಿ ನಾಲ್ಕು ಲೋಟ ಬೇಕು. ಮೂರು ಲೋಟ ಗೊಜ್ಜಿಗೆ, ಒಂದು ಲೋಟ ಮೊಸರಿಗೆ.

ಮೊದಲು ಬಾಣಲೆ, ಆಮೇಲೆ ಮಿಕ್ಸಿ

ಬಾಣಲೆಗೆ ನಾಲ್ಕು ದೊಡ್ಡ ಚಮಚ ಎಣ್ಣೆ ಹಾಕಿ, ಎಣ್ಣೆ ತಣ್ಣಗಿರುವಾಗಲೇ ಒಂದು ಹಿಡಿ ಕಡಲೆಕಾಯಿ ಬೀಜ ಹಾಕಿ ಸಣ್ಣ ಉರಿಯಲ್ಲಿಡಿ. ಬೀಜ ಒಳಗಿನವರೆಗೆ ಗರಿಯಾಗಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಕಾದ ಎಣ್ಣೆಗೆ ಸಾಸಿವೆಯ ಜೊತೆ ಹಾಕಿದರೆ ಹೊರಗೆ ಕರಕಲಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಅದು ಹುರಿಯುತ್ತಿರುವಾಗಲೇ ಪಕ್ಕದಲ್ಲಿ ಉಳಿದ ಕೆಲಸ ನಡೆಯಬೇಕು. ನಡುನಡುವೆ ಸೌಟಿನಿಂದ ಒಮ್ಮೆ ಕೈಯಾಡಿಸಿದರೆ ಸಾಕು.

ಮೂರು ಲೋಟ ಅವಲಕ್ಕಿಯನ್ನು ಜರಡಿಯಲ್ಲಿ ಒಮ್ಮೆ ಆಡಿಸಿ ತೌಡು, ಧೂಳು ಉದುರಿಸಿ. ಇದನ್ನು ತೊಳೆಯಬಾರದು, ಒದ್ದೆ ಅವಲಕ್ಕಿ ಮಿಕ್ಸಿಯಲ್ಲಿ ಹಿಟ್ಟಿನ ಮುದ್ದೆಯಾಗುತ್ತದೆ. ಚೆನ್ನಾಗಿ ಒಣಗಿದ ಜಾರಿಗೆ ಹಾಕಿ ಗುಂಡಿಯನ್ನು ಒಂದೊಂದು ಸೆಕೆಂಡ್ ತಿರುಗಿಸಿ ಬಿಡಿ. ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ. ಉಪ್ಪಿಟ್ಟಿನ ರವೆಗಿಂತ ತುಸು ದಪ್ಪ ತರಿ ಬರಬೇಕು, ಅಲ್ಲಲ್ಲಿ ಒಡೆಯದ ಚೂರು ಉಳಿದರೂ ಅಡ್ಡಿಯಿಲ್ಲ. ಒಂದೇ ಸಮನೆ ಓಡಿಸಿದರೆ ತಳದಲ್ಲಿ ನುಣ್ಣನೆ ಹಿಟ್ಟು ಕೂರುತ್ತದೆ. ಆ ಹಿಟ್ಟು ನೀರನ್ನು ಮೊದಲೇ ಹೀರಿ ಅಂಟಾಗುವುದರಿಂದ ಮೇಲಿನ ತರಿಗೆ ನೀರು ಸಿಗುವುದಿಲ್ಲ. ಗೊಜ್ಜವಲಕ್ಕಿ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಮರಳು ಆಗುವುದು ಬಹುಪಾಲು ಈ ಕಾರಣದಿಂದ.

ಗೊಜ್ಜಿನ ನೀರು

ಪುಡಿ ಮಾಡಿದ ಮೇಲೆ ಮೂರು ಲೋಟದ ಅವಲಕ್ಕಿ ಸುಮಾರು ಎರಡು ಲೋಟಕ್ಕೆ ಇಳಿಯುತ್ತದೆ. ಅದಕ್ಕೆ ಒಂದೂವರೆ ಲೋಟ ನೀರು ಸಾಕು. ನೀರಿಗೆ ಎರಡು ಚಹಾ ಚಮಚ ಹುಣಸೆ ಪೇಸ್ಟ್, ಎರಡು ದೊಡ್ಡ ಚಮಚ ಬೆಲ್ಲದ ಪುಡಿ, ಮೂರು ಚಹಾ ಚಮಚ ಸಾರಿನ ಪುಡಿ, ಒಂದೂವರೆ ಚಹಾ ಚಮಚ ಉಪ್ಪು ಹಾಕಿ ಕದಡಿ. ಅಚ್ಚಿನ ಬೆಲ್ಲವಾದರೆ ತುರಿದೇ ಹಾಕಬೇಕು, ತಣ್ಣೀರಿನಲ್ಲಿ ಉಂಡೆ ಬೆಲ್ಲ ಕರಗುವುದನ್ನು ಕಾಯುತ್ತ ಕೂತರೆ ಐದು ನಿಮಿಷ ಅಲ್ಲೇ ಮುಗಿಯುತ್ತದೆ. ಹುಣಸೆ ಹಣ್ಣನ್ನು ನೆನೆಸಿ ಕಿವುಚುವುದಕ್ಕೂ ಇಂದು ಹೊತ್ತಿಲ್ಲ. ಪೇಸ್ಟ್ ಇಲ್ಲದಿದ್ದರೆ ಎರಡು ನಿಂಬೆಹಣ್ಣಿನ ರಸ ನಡೆಯುತ್ತದೆ, ರುಚಿ ಬೇರೆಯಾದರೂ ಊಟಕ್ಕೆ ಕೊರತೆಯಾಗದು. ಮನೆಯಲ್ಲಿ ಪುಳಿಯೋಗರೆ ಗೊಜ್ಜಿದ್ದರೆ ಇಷ್ಟೂ ಬೇಡ, ಮೂರು ದೊಡ್ಡ ಚಮಚ ಗೊಜ್ಜನ್ನು ನೀರಿಗೆ ಕಲಸಿದರೆ ಮುಗಿಯಿತು. ಅದರಲ್ಲಿ ಉಪ್ಪು ಇರುವುದರಿಂದ ರುಚಿ ನೋಡಿಯೇ ಮತ್ತೆ ಉಪ್ಪು ಹಾಕಿ.

ಸಾರಿನ ಪುಡಿಯ ಬದಲು ಬರೀ ಅಚ್ಚಖಾರದ ಪುಡಿ ಹಾಕಬೇಡಿ. ಸಾರಿನ ಪುಡಿಯ ಪದಾರ್ಥಗಳನ್ನು ಮೊದಲೇ ಹುರಿದಿರುತ್ತಾರೆ, ಹಾಗಾಗಿ ಕುದಿಸದೆಯೂ ಹಸಿ ವಾಸನೆ ಬರುವುದಿಲ್ಲ. ಖಾರದ ಪುಡಿ ಹಾಗಲ್ಲ. ಅದೊಂದೇ ಇದ್ದರೆ ಒಗ್ಗರಣೆ ಇಳಿಸಿದ ಮೇಲೆ ಬಿಸಿ ಎಣ್ಣೆಗೆ ಹಾಕಿ.

ಗೊಜ್ಜಿನ ನೀರನ್ನು ನಾಲಿಗೆಗೆ ಇಟ್ಟು ನೋಡಿದಾಗ ಹುಳಿ, ಉಪ್ಪು, ಖಾರ ಎಲ್ಲವೂ ಸ್ವಲ್ಪ ಜಾಸ್ತಿ ಅನ್ನಿಸಬೇಕು. ಇಲ್ಲಿ ಹದವಾಗಿದ್ದರೆ ಅವಲಕ್ಕಿಗೆ ಸೇರಿದ ಮೇಲೆ ಸಪ್ಪೆಯಾಗುತ್ತದೆ. ಈಗ ನೀರಿನ ಮುಕ್ಕಾಲು ಭಾಗವನ್ನು ತರಿಯ ಮೇಲೆ ಸುತ್ತ ಸುರಿದು, ಬೆರಳ ತುದಿಯಿಂದ ಮೇಲೆ ಕೆಳಗೆ ಮಾಡಿ, ತಟ್ಟೆ ಮುಚ್ಚಿಡಿ. ಅಂಗೈಯಿಂದ ಒತ್ತಿ ಕಲಸಿದರೆ ಉಂಡೆ ಕಟ್ಟುತ್ತದೆ.

ಎರಡು ನಿಮಿಷ ಬಿಟ್ಟು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಉದುರಿದರೆ ಹದ ಬಂದಿದೆ. ಉಂಡೆಯೇ ಕಟ್ಟದಿದ್ದರೆ ಉಳಿಸಿದ ನೀರನ್ನು ಚಿಮುಕಿಸಿ. ಅವಲಕ್ಕಿ ಹಳೆಯದಾದಷ್ಟೂ ಒಣಗಿರುತ್ತದೆ, ನೀರು ಹೆಚ್ಚು ಕೇಳುತ್ತದೆ. ಬೆರಳಿಗೆ ಅಂಟುತ್ತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಒಂದೆರಡು ಚಮಚ ಹುರಿಗಡಲೆ ಪುಡಿ ಉದುರಿಸಿದರೆ ಅದು ನೀರು ಎಳೆದುಕೊಳ್ಳುತ್ತದೆ. ಒಲೆಯ ಮೇಲಿಟ್ಟು ಒಣಗಿಸಲು ಹೋದರೆ ಇನ್ನೂ ಅಂಟಾಗುತ್ತದೆ.

ಒಂದು ಒಗ್ಗರಣೆ, ಎರಡು ಪಾಲು

ಅಷ್ಟರಲ್ಲಿ ಬಾಣಲೆಯಲ್ಲಿ ಬೀಜ ಕೆಂಪಗಾಗಿ ಸಿಪ್ಪೆ ಬಿರಿಯುತ್ತಿರುತ್ತದೆ. ಉರಿ ಸ್ವಲ್ಪ ಏರಿಸಿ ಒಂದು ಚಮಚ ಸಾಸಿವೆ ಹಾಕಿ. ಸಿಡಿಯಲು ಶುರುವಾದ ಕೂಡಲೇ ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಚಮಚ ಸೇರಿಸಿ. ಬೇಳೆ ಹೊಂಬಣ್ಣಕ್ಕೆ ತಿರುಗಿದಾಗ ಒಲೆ ಆರಿಸಿ, ಆಮೇಲೆ ಇಂಗು, ಕರಿಬೇವು. ಎಣ್ಣೆಯ ಉಳಿದ ಕಾವೇ ಇವಕ್ಕೆ ಸಾಕು. ತೊಳೆದ ಕರಿಬೇವನ್ನು ಬಟ್ಟೆಯಲ್ಲಿ ಒತ್ತಿ ಹಾಕದಿದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ.

ಒಣಮೆಣಸಿನಕಾಯಿ ಮತ್ತು ಅರಿಸಿನ ಹಾಕುವ ಮೊದಲೇ ಎರಡು ಚಮಚದಷ್ಟು ಒಗ್ಗರಣೆಯನ್ನು, ಕಡಲೆಕಾಯಿ ಬೀಜ ಬಾರದಂತೆ, ಸಣ್ಣ ಬಟ್ಟಲಿಗೆ ತೆಗೆದಿಡಿ. ಅದು ಅಜ್ಜಿಯ ಮತ್ತು ಮಗುವಿನ ಮೊಸರವಲಕ್ಕಿಗೆ. ಉಳಿದದ್ದಕ್ಕೆ ಎರಡು ಮೆಣಸಿನಕಾಯಿ ಮುರಿದು, ಚಿಟಿಕೆ ಅರಿಸಿನ ಹಾಕಿ ಗೊಜ್ಜವಲಕ್ಕಿಗೆ ಸುರಿಯಿರಿ. ಕೊಬ್ಬರಿ ತುರಿಯಿದ್ದರೆ ಈಗ ಒಂದು ಹಿಡಿ.

ಮೊಸರವಲಕ್ಕಿಗೆ ಉಳಿದ ಒಂದು ಲೋಟ ಅವಲಕ್ಕಿಯನ್ನು ತೂತಿನ ಪಾತ್ರೆಯಲ್ಲಿ ಹಾಕಿ ನಲ್ಲಿಯ ಕೆಳಗೆ ಎರಡು ಸಲ ತೊಳೆದು ಸೋರಲು ಬಿಡಿ. ಇದನ್ನು ಬಾಣಲೆಯ ಮುಂದೆ ನಿಲ್ಲುವ ಮೊದಲೇ ಮಾಡಿಟ್ಟಿರಬೇಕು, ಮೂರು ನಿಮಿಷ ಸೋರಿದರೆ ಕಾಳು ತಾನೇ ಮೆತ್ತಗಾಗುತ್ತದೆ. ಅಜ್ಜಿಗೆ ಇನ್ನೂ ಮೃದು ಬೇಕಿದ್ದರೆ ಅವರ ಪಾಲಿಗೆ ನಾಲ್ಕು ಚಮಚ ಬೆಚ್ಚಗಿನ ಹಾಲು ಹಾಕಿ ಕಿವುಚಿ. ಆಮೇಲೆ ಒಂದೂವರೆ ಲೋಟ ಮೊಸರು, ಅರ್ಧ ಚಮಚ ಉಪ್ಪು, ಎತ್ತಿಟ್ಟ ಒಗ್ಗರಣೆ. ಒಗ್ಗರಣೆಯ ಬೇಳೆ ಹಲ್ಲಿಗೆ ಸಿಗುವುದು ಕಷ್ಟವಾದರೆ ಅಜ್ಜಿಯ ಬಟ್ಟಲಿಗೆ ಎಣ್ಣೆ, ಸಾಸಿವೆ ಮಾತ್ರ. ಮೊಸರವಲಕ್ಕಿಯನ್ನು ತಟ್ಟೆ ಹಾಕಿದ ಮೇಲೆಯೇ ಕಲಸಬೇಕು. ಹತ್ತು ನಿಮಿಷ ಬಿಟ್ಟರೆ ಮೊಸರನ್ನೆಲ್ಲ ಕುಡಿದು ಗಟ್ಟಿ ಮುದ್ದೆಯಾಗಿ ಕೂರುತ್ತದೆ.

ಇಷ್ಟಕ್ಕೆ ಐದು ನಿಮಿಷ ಸಾಕಾಗುವುದು ಡಬ್ಬಿಗಳು ಕೈಗೆ ಸಿಕ್ಕರೆ ಮಾತ್ರ. ಅಡುಗೆ ಮಾಡುವವರು ಊರಲ್ಲಿಲ್ಲದ ದಿನ ಮನೆಯವರು ಇಂಗಿನ ಡಬ್ಬಿ ಹುಡುಕುವುದರಲ್ಲೇ ಹತ್ತು ನಿಮಿಷ ಕಳೆಯುತ್ತಾರೆ. ಅವಲಕ್ಕಿ, ಸಾರಿನ ಪುಡಿ, ಬೆಲ್ಲದ ಪುಡಿ, ಹುಣಸೆ ಪೇಸ್ಟ್, ಕಡಲೆಕಾಯಿ ಬೀಜ ಇವಿಷ್ಟನ್ನು ಒಂದೇ ಗೂಡಿನಲ್ಲಿ ಇಟ್ಟಿರಲಿ.

ಫ್ರಿಜ್‌ನಲ್ಲಿ ಅನ್ನವಿದ್ದರೆ

ಆಗ ಅವಲಕ್ಕಿಯೂ ಬೇಡ, ತಂಬುಳಿ ಮಾಡಿ. ಮಲೆನಾಡಿನ ಮನೆಗಳಲ್ಲಿ ದಿನನಿತ್ಯದ್ದಾದ ಇದನ್ನು ಕುದಿಸುವುದೇ ಇಲ್ಲ. ಒಂದು ಚಮಚ ತುಪ್ಪದಲ್ಲಿ ಒಂದು ಚಹಾ ಚಮಚ ಮೆಂತ್ಯ, ಅಷ್ಟೇ ಜೀರಿಗೆ, ಐದಾರು ಕಾಳುಮೆಣಸು ಹುರಿಯಿರಿ. ಮೊದಲು ಮೆಂತ್ಯ, ಅದು ಕೆಂಪಾಗುವಾಗ ಉಳಿದೆರಡು. ಮೆಂತ್ಯದ ಬಣ್ಣ ಇಟ್ಟಿಗೆ ಕೆಂಪಿಗೆ ಬಂದಾಗ ತಕ್ಷಣ ಬಾಣಲೆಯಿಂದ ಹೊರಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಕಪ್ಪಾಗಿ, ಇಡೀ ತಂಬುಳಿ ಕಹಿಯಾಗುತ್ತದೆ. ಕಹಿಗೆ ಆಮೇಲೆ ಮದ್ದಿಲ್ಲ, ಚೆಲ್ಲಿ ಹೊಸದಾಗಿ ಹುರಿಯುವುದೇ ಸರಿ. ಇದನ್ನು ಅರ್ಧ ಲೋಟ ತೆಂಗಿನ ತುರಿಯ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿದರೆ ಆಯಿತು. ಫ್ರೀಜರ್‌ನ ತುರಿಯಾದರೆ ಉಗುರು ಬೆಚ್ಚಗಿನ ನೀರು ಹಾಕಿ ರುಬ್ಬಿ. ಮಂಜುಗಟ್ಟಿದ ತುರಿ ಜಾರಿನ ಗೋಡೆಗೆ ಅಂಟಿಕೊಂಡು ಬ್ಲೇಡ್ ಬರಿದೇ ತಿರುಗುತ್ತದೆ. ಮಜ್ಜಿಗೆ ಬೆರೆಸಿದ ಮೇಲೆ ಬಿಸಿ ಮಾಡಬೇಡಿ, ಒಡೆಯುತ್ತದೆ.

ತಣ್ಣಗಾದ ಅನ್ನದ ಪಿಷ್ಟ ಗಟ್ಟಿಯಾಗಿರುವುದರಿಂದ ಅಗುಳು ಒರಟಾಗಿರುತ್ತದೆ. ಒಂದು ಲೋಟ ಅನ್ನಕ್ಕೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ನಡುವಿನಿಂದಲೂ ಹಬೆ ಏಳುವವರೆಗೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಬೆಳಿಗ್ಗೆಯ ಅನ್ನ ಸಂಜೆಯವರೆಗೂ ಕುಕ್ಕರಿನಲ್ಲೇ ಹೊರಗೆ ಉಳಿದಿದ್ದರೆ ಅದನ್ನು ಬಳಸಬೇಡಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು. ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ಅಗಲ ಪಾತ್ರೆಯಲ್ಲಿ ಫ್ರಿಜ್ ಸೇರಿದ ಅನ್ನವಾದರೆ ಸರಿ, ಅದನ್ನೂ ಮರುದಿನದೊಳಗೆ ಮುಗಿಸಿ.

ಗೊಜ್ಜವಲಕ್ಕಿ, ತಂಬುಳಿ ಎರಡೂ ಆಗಬೇಕೆಂದಿದ್ದರೆ ಮಿಕ್ಸಿಗೆ ಮೊದಲು ಒಣ ಅವಲಕ್ಕಿ, ಆಮೇಲೆ ತೆಂಗಿನಕಾಯಿ. ತಿರುಗುಮುರುಗಾದರೆ ಜಾರನ್ನು ತೊಳೆದು, ಒರೆಸಿ, ಬ್ಲೇಡಿನ ಅಡಿಯ ನೀರು ಆರುವುದನ್ನು ಕಾಯುತ್ತ ನಿಲ್ಲಬೇಕಾಗುತ್ತದೆ.